ತಲೆಕೆಳಗಾದ ಮನುಷ್ಯ

ಅನ್ಯಗ್ರಹದವರ ಜೊತೆ ಮೊದಲ ಭೇಟಿಯ ಕಥೆಗೆ ಯುದ್ಧವೇ ಬೇಕಿಲ್ಲ, ತಪ್ಪು ಅರ್ಥವೇ ಸಾಕು. 1974ರ ಅರೆಸಿಬೋ ಸಂದೇಶವನ್ನೇ ತಗೊಳ್ಳೋಣ. ಅದರಲ್ಲಿದ್ದದ್ದು 1679 ಬಿಟ್, ಅಂದರೆ 23 × 73. ಸಾಲಿಗೆ 23ರಂತೆ ಜೋಡಿಸಿದರೆ ಮನುಷ್ಯನ ಆಕೃತಿಯೂ ಇರುವ ಚಿತ್ರ ಮೂಡುತ್ತೆ. 73ರಂತೆ ಜೋಡಿಸಿದರೆ ಬರೀ ಚುಕ್ಕಿ.

ನಮ್ಮ ಕಥೆಯ ಜೀವಿಗಳಿಗೆ ಕಣ್ಣಿಲ್ಲ, ಕಿವಿ ಮಾತ್ರ ಇದೆ ಅಂದ್ಕೊಳ್ಳೋಣ. ಅವರಿಗೆ ಇದು ಚಿತ್ರವಲ್ಲ, ತಾಳ. ಕೇಳಿದ ತಾಳವನ್ನು ಹಿಂದುಮುಂದಾಗಿ ನುಡಿಸೋದು ಅವರಲ್ಲಿ ನಮಸ್ಕಾರ, ಹಾಗೇ ಉತ್ತರಿಸ್ತಾರೆ. ಇಲ್ಲಿ ನಮ್ಮ ಎಂಜಿನಿಯರ್ ಅದನ್ನು ಜೋಡಿಸಿದಾಗ ಕಾಣೋದು ತಲೆಕೆಳಗಾದ ಮನುಷ್ಯ. ಬೆದರಿಕೆ ಅಂತ ಪ್ರಸಾರ ನಿಲ್ಲಿಸ್ತಾಳೆ. ಅವರಿಗೆ ಮೌನವೆಂದರೆ 'ಮುಂದುವರಿಸಿ'. ಇನ್ನೂ ಜೋರಾಗಿ ನುಡಿಸ್ತಾರೆ.

ಬರೆದಾದ ಮೇಲೆ ಕಥೆಯನ್ನು ಅವರ ಕಡೆಯಿಂದಲೂ ಓದಬೇಕು. ಅವರು ದಡ್ಡರಾಗಿಯೋ ದುಷ್ಟರಾಗಿಯೋ ಕಂಡರೆ, ಸಂಘರ್ಷ ಇನ್ನೂ ಸಂವಹನದ್ದಾಗಿಲ್ಲ.