ವಿಡಿಯೊ ಮುಗಿಯಿತು, ಲೆಕ್ಕ ಬಂತೇ?

ಬ್ಯಾಂಕ್ ಪರೀಕ್ಷೆಗೆ ಓದುತ್ತಿರುವ ನನ್ನ ಫೋನಿನಲ್ಲಿ ರೆಕಾರ್ಡ್ ಆದ ಗಣಿತದ ತರಗತಿಗಳು ರಾಶಿ ಬಿದ್ದಿವೆ. ಒಂದೊಂದೂ 75 ನಿಮಿಷ. ಸಂಜೆ ಸಿಗುವುದು ಮೂರೇ ಗಂಟೆ. ಎರಡು ತರಗತಿ ನೋಡಿದರೆ ಪೆನ್ನು ಹಿಡಿಯಲು ಅರ್ಧ ಗಂಟೆಯಷ್ಟೇ ಉಳಿಯುತ್ತದೆ.

ಮೇಷ್ಟ್ರು ಬೋರ್ಡಿನ ಮೇಲೆ ಬಿಡಿಸುವಾಗ ಎಲ್ಲವೂ ಸುಲಭ ಅನಿಸುತ್ತದೆ. ಆದರೆ ನೋಡಿ ಒಪ್ಪಿಕೊಳ್ಳುವುದು ಬೇರೆ, ನೆನಪಿನಿಂದ ಹೊರತೆಗೆಯುವುದು ಬೇರೆ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಅಮೆರಿಕದ ಮನಃಶಾಸ್ತ್ರಜ್ಞರು ಒಂದು ಪ್ರಯೋಗ ಪ್ರಕಟಿಸಿದರು. ಪಾಠವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಒಮ್ಮೆ ಓದಿ, ಆಮೇಲೆ ಪುಸ್ತಕ ಮುಚ್ಚಿ ನೆನಪಿಸಿಕೊಂಡು ಬರೆದವರು ವಾರದ ನಂತರದ ಪರೀಕ್ಷೆಯಲ್ಲಿ ಅವರನ್ನು ಹಿಂದಿಕ್ಕಿದರು.

ಹಾಗಾಗಿ ನಾನು ವೇಳಾಪಟ್ಟಿಯಲ್ಲಿ ಮೊದಲು ಅಭ್ಯಾಸದ ಸಮಯ ಬರೆದು, ಉಳಿದದ್ದನ್ನು ವಿಡಿಯೊಗೆ ಕೊಡುತ್ತೇನೆ. ಮೊದಲ 30 ನಿಮಿಷ ನಿನ್ನೆಯ ಲೆಕ್ಕಗಳು, ಖಾಲಿ ಹಾಳೆಯಲ್ಲಿ. ನಂತರ ಒಂದೇ ತರಗತಿ. ಒಂದೂವರೆ ಪಟ್ಟು ವೇಗದಲ್ಲಿ 75 ನಿಮಿಷದ ಪಾಠ 50ಕ್ಕೆ ಮುಗಿಯುತ್ತದೆ. ಅದರಲ್ಲಿ ಹತ್ತು ಲೆಕ್ಕಗಳಿದ್ದರೆ ಪ್ರತಿಯೊಂದಕ್ಕೂ ವಿಡಿಯೊ ನಿಲ್ಲಿಸಿ ಎರಡು ನಿಮಿಷ ನಾನೇ ಪ್ರಯತ್ನಿಸುತ್ತೇನೆ. ಒಟ್ಟು 70 ನಿಮಿಷ. ಉಳಿದ 80 ನಿಮಿಷ ಹೊಸ ಲೆಕ್ಕಗಳಿಗೆ.

ಒಂದು ಉದಾಹರಣೆ ನೋಡಿ. ರವಿ ಒಂದು ಕೆಲಸವನ್ನು 12 ದಿನದಲ್ಲಿ, ಗೀತಾ 18 ದಿನದಲ್ಲಿ ಮುಗಿಸುತ್ತಾರೆ. ಇಬ್ಬರೂ ಸೇರಿದರೆ? ಲಸಾಅ 36. ಅಂದರೆ ಕೆಲಸವನ್ನು 36 ಭಾಗ ಎಂದಿಟ್ಟುಕೊಂಡರೆ ರವಿ ದಿನಕ್ಕೆ 3, ಗೀತಾ 2 ಭಾಗ ಮಾಡುತ್ತಾರೆ. 36ನ್ನು 5ರಿಂದ ಭಾಗಿಸಿದರೆ 7.2 ದಿನ. ವಿಡಿಯೊ ನೋಡಿದವರಿಗೆಲ್ಲ ಇದು ಬರುತ್ತದೆ. ಕೆಲಸ ಮುಗಿಯಲು 3 ದಿನ ಇರುವಾಗ ರವಿ ಬಿಟ್ಟುಹೋದರೆ? ಇಲ್ಲೇ ಕೈ ನಿಲ್ಲುತ್ತದೆ. ಕೊನೆಯ 3 ದಿನ ಗೀತಾ ಒಬ್ಬಳೇ 6 ಭಾಗ ಮಾಡುತ್ತಾಳೆ. ಉಳಿದ 30 ಭಾಗ ಇಬ್ಬರೂ ಸೇರಿ 6 ದಿನದಲ್ಲಿ ಮಾಡಿರಬೇಕು. ಒಟ್ಟು 9 ದಿನ. ಮರುದಿನ ಇಂಥ ತಿರುವಿನ ಮೊದಲ ಸಾಲು ಒಂದು ನಿಮಿಷದಲ್ಲಿ ಹೊಳೆಯದಿದ್ದರೆ ಪಾಠ ಇನ್ನೂ ನನ್ನದಾಗಿಲ್ಲ ಎಂದರ್ಥ.

ಬಾಕಿ ಬಿದ್ದ ತರಗತಿಗಳನ್ನು ಭಾನುವಾರ ಒಟ್ಟಿಗೆ ನೋಡಲು ಕೂರುವುದಿಲ್ಲ. ಆ ಅಧ್ಯಾಯದ ಐದು ಲೆಕ್ಕ ಮೊದಲು ಮಾಡುತ್ತೇನೆ. ನಾಲ್ಕು ಸರಿಯಾದರೆ ತಪ್ಪಿದ ಮಾದರಿಯ ಭಾಗವನ್ನಷ್ಟೇ ನೋಡುತ್ತೇನೆ. ಪೂರ್ತಿ ಹೊಸ ಅಧ್ಯಾಯಕ್ಕೆ ಮಾತ್ರ ಈ ದಾರಿ ಸಲ್ಲದು. ಅಲ್ಲಿ ಪಾಠವೇ ಮೊದಲು, ಅದೂ ಮಾಮೂಲಿ ವೇಗದಲ್ಲಿ.

ಪ್ರಿಲಿಮ್ಸ್‌ನಲ್ಲಿ 35 ಗಣಿತದ ಪ್ರಶ್ನೆಗೆ ಸಿಗುವುದು 20 ನಿಮಿಷ. ಭಾನುವಾರ ಅಷ್ಟೇ ಸಮಯ ಇಟ್ಟುಕೊಂಡು ಒಂದು ಪರೀಕ್ಷೆ ಬರೆಯುತ್ತೇನೆ. ಮುಂದಿನ ವಾರ ಯಾವ ವಿಡಿಯೊ ನೋಡಬೇಕೆಂದು ಅದರಲ್ಲಿ ತಪ್ಪಿದ ಲೆಕ್ಕಗಳೇ ಹೇಳುತ್ತವೆ.