ಹಿಮ್ಮಡಿ ನೋವಿಗೆ ಭಾರದ ಮದ್ದು

1990ರ ದಶಕದಲ್ಲಿ ಸ್ವೀಡನ್ನಿನ ಉತ್ತರಭಾಗದ ಉಮಿಯೊ ನಗರದಲ್ಲಿದ್ದ ಮೂಳೆ ಶಸ್ತ್ರಚಿಕಿತ್ಸಕ ಹೋಕನ್ ಆಲ್ಫ್ರೆಡ್ಸನ್ ಅವರಿಗೆ ಹಿಮ್ಮಡಿಯ ಮೇಲ್ಭಾಗದ ನೋವು ಏನು ಮಾಡಿದರೂ ಬಿಟ್ಟುಹೋಗುತ್ತಿರಲಿಲ್ಲ. ಆಪರೇಷನ್ ಮಾಡಿಸಿಕೊಳ್ಳುತ್ತೇನೆ ಎಂದರೆ ಅವರ ಮೇಲಧಿಕಾರಿ ಒಪ್ಪಲಿಲ್ಲ. ಕಾಲು ಇನ್ನಷ್ಟು ಕೆಟ್ಟರೆ ಒಪ್ಪಲೇಬೇಕಾಗುತ್ತದೆ ಎಂದುಕೊಂಡ ಅವರು ನೋಯುವ ಕಾಲಿಗೇ ಜೋರಾಗಿ ಭಾರ ಕೊಡತೊಡಗಿದರು. ಕೆಲವು ವಾರಗಳಲ್ಲಿ ನೋವೇ ಹೊರಟುಹೋಯಿತು. ಇದನ್ನು ಅವರೇ ಹೇಳಿಕೊಂಡಿದ್ದಾರೆ.

1998ರಲ್ಲಿ ಅವರ ತಂಡ ಒಂದು ಅಧ್ಯಯನ ಪ್ರಕಟಿಸಿತು. ಅದರಲ್ಲಿದ್ದವರು ಹವ್ಯಾಸಕ್ಕೆ ಓಡುವ 15 ಮಂದಿ. ಮೆಟ್ಟಿಲಿನ ಅಂಚಿನಲ್ಲಿ ಪಾದದ ಮುಂಭಾಗ ಊರಿ ನಿಂತು, ನೋಯುವ ಕಾಲಿನ ಹಿಮ್ಮಡಿಯನ್ನು ನಿಧಾನವಾಗಿ ಕೆಳಗಿಳಿಸುವುದೇ ವ್ಯಾಯಾಮ. ಮೊಣಕಾಲು ನೇರವಾಗಿಟ್ಟು 15ರಂತೆ ಮೂರು ಸೆಟ್, ಮಡಚಿ ಇನ್ನು ಮೂರು ಸೆಟ್. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ದಿನಕ್ಕೆ 180 ಸಲ, ವಾರದ ಏಳೂ ದಿನ, 12 ವಾರ. ನೋವಿದ್ದರೂ ಮಾಡಬೇಕು, ನೋವು ಹೋದರೆ ಬೆನ್ನಿನ ಚೀಲಕ್ಕೆ ತೂಕ ತುಂಬಬೇಕು. ಹದಿನೈದೂ ಜನ ಮತ್ತೆ ಮೊದಲಿನಂತೆ ಓಡಿದರು. ನೋಯುವ ಭಾಗಕ್ಕೆ ವಿಶ್ರಾಂತಿ ಕೊಡಬೇಕೆಂಬ ಹಳೆಯ ನಂಬಿಕೆಗೆ ಇದು ನೇರ ಸವಾಲಾಗಿತ್ತು. ಇಷ್ಟು ಭಾರ ಹೊತ್ತರೂ ನೊಂದ ಟೆಂಡನ್ ಹಾಳಾಗದೆ ಸುಧಾರಿಸಿದ್ದು ಹೇಗೆ?

ಉತ್ತರಕ್ಕೆ ಆ ಟೆಂಡನ್ನಿನ ಒಳಗೆ ಇಣುಕಬೇಕು. ಮೀನಖಂಡದ ಎರಡು ದೊಡ್ಡ ಸ್ನಾಯುಗಳಾದ ಗ್ಯಾಸ್ಟ್ರಾಕ್ನೀಮಿಯಸ್ ಮತ್ತು ಸೋಲಿಯಸ್ ಕೂಡಿ ಅಕಿಲಿಸ್ ಟೆಂಡನ್ ಆಗಿ ಹಿಮ್ಮಡಿಯ ಮೂಳೆಗೆ ಅಂಟುತ್ತವೆ. ಓಡುವಾಗ ಪ್ರತಿ ಹೆಜ್ಜೆಗೂ ಅದರ ಮೇಲೆ ದೇಹದ ತೂಕದ ಹಲವು ಪಟ್ಟು ಬಲ ಬೀಳುತ್ತದೆ. ಈ ನೋವಿಗೆ ಹಿಂದೆ ಟೆಂಡಿನೈಟಿಸ್, ಅಂದರೆ ಉರಿಯೂತ ಎಂಬ ಹೆಸರಿತ್ತು. ಆದರೆ ತುಣುಕು ತೆಗೆದು ಸೂಕ್ಷ್ಮದರ್ಶಕದಡಿ ನೋಡಿದವರಿಗೆ ಸಾಮಾನ್ಯ ಉರಿಯೂತದ ಕೋಶಗಳು ಅಷ್ಟಾಗಿ ಸಿಗಲಿಲ್ಲ. ಸಾಲಾಗಿ ಬಿಗಿದಿರಬೇಕಾದ ಕೊಲಾಜೆನ್ ಎಳೆಗಳು ದಿಕ್ಕೆಟ್ಟು ಚದುರಿದ್ದವು. ನಡುವೆ ನೀರು ಹಿಡಿದಿಡುವ ಪ್ರೋಟಿಯೊಗ್ಲೈಕನ್ ತುಂಬಿ ಟೆಂಡನ್ ದಪ್ಪವಾಗಿತ್ತು. ಇರಬಾರದ ಕಡೆ ಹೊಸ ರಕ್ತನಾಳಗಳು ನುಗ್ಗಿದ್ದವು, ಅವುಗಳ ಜೊತೆಯಲ್ಲೇ ನರದ ಎಳೆಗಳೂ ಇದ್ದವು. ಉರಿಯೂತದ ಪಾತ್ರ ಪೂರ್ತಿ ಇಲ್ಲವೆಂದಲ್ಲ, ಆದರೆ ಐಸ್ ಮತ್ತು ನೋವಿನ ಮಾತ್ರೆಗೆ ಬಗ್ಗುವ ಕಾಯಿಲೆ ಇದಲ್ಲ. ಆದ್ದರಿಂದಲೇ ಈಗ ಟೆಂಡಿನೋಪತಿ ಎಂಬ ಹೆಸರು ಬಳಕೆಯಲ್ಲಿದೆ.

ಜಿಲ್ ಕುಕ್ ಮತ್ತು ಕ್ರೇಗ್ ಪರ್ಡಮ್ 2009ರಲ್ಲಿ ಇದನ್ನು ಒಂದೇ ದಾರಿಯ ಮೂರು ಹಂತಗಳಾಗಿ ವಿವರಿಸಿದರು. ದಿಢೀರನೆ ಹೆಚ್ಚು ಕೆಲಸ ಬಿದ್ದಾಗ ಟೆಂಡನ್ ಮೊದಲು ಊದಿಕೊಂಡು ಪ್ರತಿಕ್ರಿಯಿಸುತ್ತದೆ, ಕೆಲಸ ತಗ್ಗಿಸಿದರೆ ಮರಳಿ ಸರಿಹೋಗುತ್ತದೆ. ತಗ್ಗಿಸದಿದ್ದರೆ ದುರಸ್ತಿ ಎಡವುತ್ತದೆ, ಎಳೆಗಳು ಬೇರೆಬೇರೆಯಾಗತೊಡಗುತ್ತವೆ. ಕೊನೆಯ ಹಂತದಲ್ಲಿ ಕೆಲವು ಭಾಗಗಳು ಕ್ಷಯಿಸುತ್ತವೆ, ಅಲ್ಲಿ ರಚನೆ ಹಿಂತಿರುಗುವ ಸಾಧ್ಯತೆ ಬಹಳ ಕಡಿಮೆ.

ಡೆನ್ಮಾರ್ಕಿನ ಕಟ್ಯಾ ಹೈನೆಮೈಯರ್ ಅವರ ತಂಡ 2013ರಲ್ಲಿ ಪ್ರಕಟಿಸಿದ ಕೆಲಸ ಇಲ್ಲಿ ನೆನೆಯಲೇಬೇಕಾದದ್ದು. 1955ರಿಂದ 1963ರವರೆಗಿನ ಅಣುಬಾಂಬ್ ಪರೀಕ್ಷೆಗಳು ವಾತಾವರಣದಲ್ಲಿ ಕಾರ್ಬನ್-14 ಹೆಚ್ಚಿಸಿದ್ದವು. ಆ ಗುರುತು ಹಿಡಿದು, ಸತ್ತವರ ಅಕಿಲಿಸ್ ಟೆಂಡನ್ನಿನ ಒಡಲು ಯಾವ ವರ್ಷಗಳಲ್ಲಿ ಕಟ್ಟಿಕೊಂಡಿತೆಂದು ಅವರು ಲೆಕ್ಕ ಹಾಕಿದರು. ಸುಮಾರು 17 ವಯಸ್ಸಿಗೆ ಅದರ ಕಟ್ಟಡ ಮುಗಿದಿತ್ತು, ಆಮೇಲೆ ಹೆಚ್ಚೇನೂ ಬದಲಾಗಿರಲಿಲ್ಲ. ಕೆಟ್ಟ ಭಾಗವನ್ನು ಹೊಸದಾಗಿ ಮಾಡಿಕೊಡುತ್ತೇನೆಂದು ರೋಗಿಗೆ ಮಾತು ಕೊಡುವ ಮುನ್ನ ಫಿಸಿಯೋಥೆರಪಿಸ್ಟ್ ಇದನ್ನು ನೆನಪಿಡಬೇಕು. ಹಾಗಾದರೆ ವ್ಯಾಯಾಮ ಮಾಡುವುದೇನು? ಸ್ಕ್ಯಾನ್ ಮಾಡಿ ಅಳೆದವರ ಪ್ರಕಾರ ದಪ್ಪಗಾದ ಟೆಂಡನ್ನಿನಲ್ಲಿ ಕೆಟ್ಟ ಭಾಗದ ಸುತ್ತ ಸಾಕಷ್ಟು ಒಳ್ಳೆಯ ಎಳೆಗಳು ಉಳಿದಿರುತ್ತವೆ. ಉದ್ದಿನ ವಡೆಯ ತೂತನ್ನು ಮುಚ್ಚಲಾಗದು, ಸುತ್ತಲಿನ ವಡೆಯನ್ನು ಗಟ್ಟಿಮಾಡಬಹುದು. ಭಾರದ ಗುರಿ ಆ ಒಳ್ಳೆಯ ಭಾಗ, ಜೊತೆಗೆ ಸೊರಗಿದ ಮೀನಖಂಡ. ಸ್ಕ್ಯಾನಿನಲ್ಲಿ ಚಿತ್ರ ಹಾಗೇ ಉಳಿದರೂ ನೋವು ಹೋಗುವುದು ಇದರಿಂದ ಇರಬಹುದು.

ಈಗ ಒಬ್ಬ ರೋಗಿಯನ್ನು ಕಲ್ಪಿಸಿಕೊಳ್ಳೋಣ. ಮೈಸೂರಿನ 44 ವರ್ಷದ ಬ್ಯಾಂಕ್ ನೌಕರ, ವಾರಕ್ಕೆ ಮೂರು ದಿನ ಐದು ಕಿಲೋಮೀಟರ್ ಓಡುವವರು. ಗೆಳೆಯರ ಜೊತೆ ಸೇರಿ ಇದ್ದಕ್ಕಿದ್ದಂತೆ ವಾರಕ್ಕೆ ನಾಲ್ಕು ದಿನ ಚಾಮುಂಡಿ ಬೆಟ್ಟದ ಮೆಟ್ಟಿಲನ್ನೂ ಹತ್ತತೊಡಗಿದರು. ಮೂರನೇ ವಾರ ಎಡಗಾಲು ಹಿಡಿದುಕೊಂಡಿತು. ಬೆಳಿಗ್ಗೆ ಮಂಚದಿಂದ ಇಳಿದರೆ ಹತ್ತು ಹೆಜ್ಜೆ ಕುಂಟಬೇಕು. ಮೂರು ವಾರ ಪೂರ್ತಿ ವಿಶ್ರಾಂತಿ ಪಡೆದರು, ನೋವು ಹೋಯಿತು. ಓಡಿದ ಎರಡನೇ ದಿನವೇ ವಾಪಸ್ ಬಂತು. ಇದರಲ್ಲಿ ಆಶ್ಚರ್ಯವಿಲ್ಲ. ವಿಶ್ರಾಂತಿಯಲ್ಲಿ ಟೆಂಡನ್ನಿನ ಬಿಗಿಯೂ ಮೀನಖಂಡದ ಶಕ್ತಿಯೂ ಇಳಿದವು, ಬೆಟ್ಟ ಮಾತ್ರ ಅಷ್ಟೇ ಎತ್ತರ ಉಳಿಯಿತು.

ಪರೀಕ್ಷೆಯಲ್ಲಿ ಹಿಮ್ಮಡಿಯ ಮೂಳೆಯಿಂದ ನಾಲ್ಕು ಸೆಂಟಿಮೀಟರ್ ಮೇಲೆ ಟೆಂಡನ್ ಗಂಟಿನಂತೆ ದಪ್ಪಗಿದೆ, ಎರಡು ಬೆರಳಲ್ಲಿ ಹಿಸುಕಿದರೆ ನೋಯುತ್ತದೆ. ಒಂಟಿಕಾಲಲ್ಲಿ ಹಿಮ್ಮಡಿ ಎತ್ತಲು ಹೇಳಿದರೆ ಬಲಗಾಲಿಗೆ 27, ಎಡಗಾಲಿಗೆ 11. ಎಣಿಸುವಾಗ ಮೊಣಕಾಲು ಬಗ್ಗುತ್ತಿದೆಯೇ, ಮೈ ಮುಂದೆ ವಾಲುತ್ತಿದೆಯೇ, ಎತ್ತರ ಕುಗ್ಗುತ್ತಿದೆಯೇ ಎಂದು ಪಕ್ಕದಿಂದ ನೋಡಬೇಕು, ಇಲ್ಲವಾದರೆ 11 ಸುಲಭವಾಗಿ 18 ಆಗಿಬಿಡುತ್ತದೆ. ಯಾರೋ ಹಿಂದಿನಿಂದ ಒದ್ದಂತೆ ಫಟ್ಟನೆ ಆಯಿತೇ ಎಂದು ಕೇಳಿ, ಬೋರಲು ಮಲಗಿಸಿ ಮೀನಖಂಡ ಹಿಸುಕಿದಾಗ ಪಾದ ಕೆಳಕ್ಕೆ ಬಾಗುತ್ತದೆಯೇ ಎಂದು ಪರೀಕ್ಷಿಸಬೇಕು. ಬಾಗದಿದ್ದರೆ ಟೆಂಡನ್ ಹರಿದಿರಬಹುದು. ಇತ್ತೀಚೆಗೆ ಸಿಪ್ರೊಫ್ಲಾಕ್ಸಸಿನ್ ಅಥವಾ ಲೆವೊಫ್ಲಾಕ್ಸಸಿನ್ ನುಂಗಿದರೇ ಎಂದೂ ಕೇಳಲೇಬೇಕು, ಈ ಆ್ಯಂಟಿಬಯಾಟಿಕ್‌ಗಳಿಗೆ ಟೆಂಡನ್ ಕೆಡಿಸುವ, ಹರಿಯುವ ಅಪಾಯವಿದೆ. ಎರಡೂ ಹಿಮ್ಮಡಿ ನೋಯುತ್ತಾ ಬೆಳಗಿನ ಜಾವ ಬೆನ್ನು ಹಿಡಿದುಕೊಳ್ಳುವ ಯುವಕ ಬಂದರೆ ಸಂಧಿವಾತ ತಜ್ಞರ ಬಳಿ ಕಳಿಸಬೇಕು.

ಮೊದಲ ಕೆಲಸ ಬೆಟ್ಟವನ್ನೂ ಜಿಗಿತವನ್ನೂ ನಿಲ್ಲಿಸುವುದು, ನಡಿಗೆಯನ್ನು ಉಳಿಸಿಕೊಳ್ಳುವುದು. ಜೊತೆಗೆ ಹಿಮ್ಮಡಿ ಎತ್ತಿ 45 ಸೆಕೆಂಡ್ ಹಿಡಿದು ನಿಲ್ಲುವುದನ್ನು ಕೊಡಬಹುದು. ಕೆಲವರಿಗೆ ಇದರಿಂದ ನೋವು ತಗ್ಗುತ್ತದೆ, ಎಲ್ಲರಿಗೂ ಅಲ್ಲ. ಹಾಗಾಗಿ ಇದನ್ನೇ ಚಿಕಿತ್ಸೆ ಎಂದುಕೊಂಡು ವಾರಗಟ್ಟಲೆ ನಿಲ್ಲಬಾರದು.

ನಂತರದ ಹನ್ನೆರಡು ವಾರಕ್ಕೆ ಕೋಪನ್‌ಹೇಗನ್ನಿನ ರಿಕ್ಕೆ ಬೇಯರ್ ಅವರ ತಂಡ 2015ರಲ್ಲಿ ಪ್ರಕಟಿಸಿದ ಕ್ರಮ ಒಳ್ಳೆಯ ಆಧಾರ. ಭಾರ ಹೆಚ್ಚು, ವೇಗ ಕಡಿಮೆ: ಎತ್ತಲು ಮೂರು ಸೆಕೆಂಡ್, ಇಳಿಸಲು ಮೂರು ಸೆಕೆಂಡ್. ಕುಳಿತು ಒಂದು, ಲೆಗ್‌ಪ್ರೆಸ್‌ನಲ್ಲಿ ಮೊಣಕಾಲು ನೇರವಿಟ್ಟು ಒಂದು, ನಿಂತು ಒಂದು, ಹೀಗೆ ಮೂರು ವ್ಯಾಯಾಮ. ಮೊದಲ ವಾರ 15 ಸಲಕ್ಕೆ ಮೀನಖಂಡ ಸೋಲುವಷ್ಟು ತೂಕ, ಮೂರು ಸೆಟ್. ಮುಂದೆ ವಾರ ಕಳೆದಂತೆ 12, 10, 8, ಕೊನೆಗೆ ಆರೇ ಸಲ ಎತ್ತಲಾಗುವಷ್ಟು ತೂಕ, ನಾಲ್ಕು ಸೆಟ್. ಇದೆಲ್ಲ ವಾರಕ್ಕೆ ಮೂರೇ ದಿನ. ಆಲ್ಫ್ರೆಡ್ಸನ್ ಕ್ರಮದಷ್ಟೇ ಫಲ ಸಿಕ್ಕಿತು, ಹಿಡಿದ ಸಮಯ ಸುಮಾರು ಮೂರನೇ ಒಂದು. ಇಳಿಸುವ ಚಲನೆಯಲ್ಲೇ ಏನೋ ವಿಶೇಷವಿದೆ ಎಂಬ ಭಾವನೆ ಇದರಿಂದ ಸಡಿಲವಾಯಿತು. ಟೆಂಡನ್‌ಗೆ ಬೇಕಾದ್ದು ಸಾಕಷ್ಟು ಎಳೆತ ಮತ್ತು ಆ ಎಳೆತ ನಿಲ್ಲುವಷ್ಟು ಸಮಯ.

ದಿನ ಬಿಟ್ಟು ದಿನ ಯಾಕೆಂದರೆ, ಭಾರಿ ವ್ಯಾಯಾಮದ ನಂತರ ಟೆಂಡನ್ನಿನಲ್ಲಿ ಕೊಲಾಜೆನ್ ಕಟ್ಟುವುದೂ ಒಡೆಯುವುದೂ ಒಟ್ಟಿಗೇ ಏರುತ್ತವೆ. ಮೊದಲ 24ರಿಂದ 36 ಗಂಟೆ ಒಡೆತದ್ದೇ ಮೇಲುಗೈ, ಆಮೇಲೆ ಕಟ್ಟುವುದು ಮುಂದಾಗುತ್ತದೆ. ಅಷ್ಟರೊಳಗೆ ಮತ್ತೊಂದು ಭಾರಿ ಸುತ್ತು ಹಾಕಿದರೆ ಸಾಲ ಏರುತ್ತಾ ಹೋಗುತ್ತದೆ.

ನೋವು ಎಷ್ಟಿದ್ದರೆ ಸರಿ ಎಂಬುದಕ್ಕೆ ಕಾರಿನ್ ಸಿಲ್ಬರ್ನಾಗೆಲ್ ಅವರ ಅಳತೆ ಬಳಕೆಯಲ್ಲಿದೆ. ಹತ್ತಕ್ಕೆ ಐದರವರೆಗಿನ ನೋವು ವ್ಯಾಯಾಮದ ಹೊತ್ತಿನಲ್ಲಿ ಸರಿ, ಮುಗಿದ ಮೇಲೂ ಐದು ದಾಟಬಾರದು, ಮರುದಿನ ಬೆಳಿಗ್ಗೆಗೆ ಇಳಿದಿರಬೇಕು, ವಾರದಿಂದ ವಾರಕ್ಕೆ ಏರಬಾರದು. ಅವರ 2007ರ ಅಧ್ಯಯನದಲ್ಲಿ ಒಂದು ಗುಂಪಿನವರು ಈ ಮಿತಿಯೊಳಗೆ ಓಡುತ್ತಲೇ ಇದ್ದರು, ಇನ್ನೊಂದು ಗುಂಪು ಆರು ವಾರ ಓಟ ಬಿಟ್ಟಿತ್ತು. ಎರಡೂ ಗುಂಪು ಸುಧಾರಿಸಿದವು, ಓಡಿದವರಿಗೆ ಹಾನಿಯಾಗಲಿಲ್ಲ. ನಮ್ಮ ಬ್ಯಾಂಕ್ ನೌಕರರು ಎದ್ದ ಕೂಡಲೇ ಎಡಗಾಲಲ್ಲಿ ಒಂದೇ ಒಂದು ಸಲ ಹಿಮ್ಮಡಿ ಎತ್ತಿ, ನೋವಿನ ಅಂಕಿಯನ್ನು ಫೋನಿನಲ್ಲಿ ಬರೆದಿಡಬೇಕು. ವ್ಯಾಯಾಮದ ಹೊತ್ತಿನ ನೋವಿಗಿಂತ ಈ ಬೆಳಗಿನ ಅಂಕಿಯೇ ಹೆಚ್ಚು ಹೇಳುತ್ತದೆ, ಏಕೆಂದರೆ ಓಡುವಾಗ ಬೆಚ್ಚಗಾದ ಟೆಂಡನ್ ಸುಮ್ಮನಿದ್ದು ಮರುದಿನ ಲೆಕ್ಕ ಕೇಳುತ್ತದೆ.

ಆರನೇ ವಾರದ ಹೊತ್ತಿಗೆ ಅವರ ಬೆಳಗಿನ ಅಂಕಿ ಐದರಿಂದ ಎರಡಕ್ಕೆ ಬಂತೆನ್ನಿ. ಖುಷಿಗೆ ಎರಡು ದಿನ ಸತತವಾಗಿ ಸ್ಕಿಪಿಂಗ್ ಮಾಡಿದರು, ಅಂಕಿ ಆರಕ್ಕೆ ಹಾರಿತು. ಇಲ್ಲಿ ಎಲ್ಲವನ್ನೂ ನಿಲ್ಲಿಸಿಬಿಡುವುದೇ ಹೆಚ್ಚಾಗಿ ಆಗುವ ತಪ್ಪು. ನಿಧಾನದ ಭಾರ ಮುಂದುವರಿಯಲಿ, ಒಂದು ಮೆಟ್ಟಿಲು ಕಡಿಮೆ ತೂಕದಲ್ಲಿ. ವೇಗದ ಕೆಲಸ ಮಾತ್ರ ನಿಲ್ಲಲಿ. ನಾಲ್ಕನೇ ದಿನಕ್ಕೆ ಅಂಕಿ ಎರಡಕ್ಕೆ ಮರಳಿದರೆ ಆಗಿದ್ದು ಡೋಸಿನ ಎಡವಟ್ಟು. ಒಂದೆರಡು ವಾರವಾದರೂ ಇಳಿಯದಿದ್ದರೆ ರೋಗನಿರ್ಣಯವನ್ನೇ ಮತ್ತೆ ನೋಡಬೇಕು.

ಇದಕ್ಕಿಂತ ಹೆಚ್ಚು ಕಾಣದೆ ಹೋಗುವ ತಪ್ಪು ಇನ್ನೊಂದಿದೆ: ಭಾರ ಏರಿಸದಿರುವುದು. ಬರೀ ಮೈತೂಕದಲ್ಲಿ 40 ಸಲ ಎತ್ತುವುದರಿಂದ ದಣಿವು ಬರುತ್ತದೆ, ಓಟಕ್ಕೆ ಬೇಕಾದ ಬಲ ಬರುವುದಿಲ್ಲ. ಹನ್ನೆರಡನೇ ವಾರಕ್ಕೆ ಈ ರೋಗಿ ಬ್ಯಾಗಿನಲ್ಲಿ 25 ಕಿಲೊ ಹೊತ್ತು ಎಡಗಾಲೊಂದರಲ್ಲೇ ನಿಧಾನವಾಗಿ ಆರು ಸಲ ಎತ್ತುವಂತಾಗಬೇಕು. ಎರಡು ಕಾಲಿನ ಎಣಿಕೆ ಹೆಚ್ಚುಕಡಿಮೆ ಸಮವಾಗಿ, ಬೆಳಗಿನ ಅಂಕಿ ಎರಡರೊಳಗೇ ನಿಂತರೆ ವೇಗದ ಸರದಿ. ಮೊದಲು ಚುರುಕಾಗಿ ಹಿಮ್ಮಡಿ ಎತ್ತುವುದು, ಆಮೇಲೆ ಎರಡು ಕಾಲಿನ ಜಿಗಿತ, ಆಮೇಲೆ ಒಂಟಿಕಾಲಿನದು. ಓಟ ಒಂದು ನಿಮಿಷ ಓಡಿ ಎರಡು ನಿಮಿಷ ನಡೆಯುವುದರಿಂದ ಶುರು, ಅದೂ ಸಮತಟ್ಟು ನೆಲದಲ್ಲಿ, ದಿನ ಬಿಟ್ಟು ದಿನ. ಬೆಟ್ಟ ಕೊನೆಗೆ. ಓಟ ಶುರುವಾದ ಮೇಲೂ ವಾರಕ್ಕೆ ಎರಡು ದಿನ ಭಾರದ ವ್ಯಾಯಾಮ ಉಳಿಯಬೇಕು. ನೋವು ಹೋದ ವಾರವೇ ಅದನ್ನು ಬಿಟ್ಟವರಲ್ಲಿ ಅನೇಕರು ವರ್ಷ ತುಂಬುವ ಮೊದಲೇ ಮರಳಿ ಬರುತ್ತಾರೆ.

ಇದೆಲ್ಲ ಟೆಂಡನ್ನಿನ ನಡುಭಾಗದ ನೋವಿಗೆ ಅನ್ವಯ. ನೋವು ಮೂಳೆಗೆ ಅಂಟುವ ಜಾಗದಲ್ಲೇ ಇದ್ದರೆ ಲೆಕ್ಕ ಬೇರೆ. ಪಾದ ಮೇಲಕ್ಕೆ ಬಾಗಿದಾಗ ಅಲ್ಲಿ ಟೆಂಡನ್ ಮೂಳೆಗೆ ಒತ್ತಿಕೊಳ್ಳುತ್ತದೆ, ಆ ಒತ್ತಡವೇ ಕಾಯಿಲೆಯನ್ನು ಸಾಕುತ್ತದೆ. ಮೆಟ್ಟಿಲಂಚಿನಲ್ಲಿ ಹಿಮ್ಮಡಿ ಜಗ್ಗಿಸುವ ಕ್ರಮ ನಡುಭಾಗದ ನೋವಿನವರಲ್ಲಿ ಶೇ. 89 ಮಂದಿಗೆ ಒಗ್ಗಿದರೆ, ಮೂಳೆಯಂಚಿನ ನೋವಿನವರಲ್ಲಿ ಶೇ. 32 ಮಂದಿಗಷ್ಟೇ ಒಗ್ಗಿತು ಎಂದು 2003ರಲ್ಲಿ ಉಮಿಯೊದ ತಂಡವೇ ವರದಿ ಮಾಡಿತು. ಐದು ವರ್ಷದ ನಂತರ ಅದೇ ವ್ಯಾಯಾಮವನ್ನು ಸಮನೆಲದ ಮೇಲೆ, ಹಿಮ್ಮಡಿ ಕೆಳಕ್ಕೆ ಜಗ್ಗದಂತೆ ಮಾಡಿಸಿದಾಗ 27 ಮಂದಿಯಲ್ಲಿ ಸುಮಾರು ಮೂರನೇ ಎರಡರಷ್ಟು ಜನ ತೃಪ್ತರಾದರು. ಇಂಥವರಿಗೆ ಗೋಡೆಗೆ ಕೈಕೊಟ್ಟು ಮೀನಖಂಡ ಹಿಗ್ಗಿಸುವುದನ್ನೂ ಕೆಲಕಾಲ ಬಿಡಿಸಬೇಕು. ಚಪ್ಪಲಿಗೆ ಬದಲು ಹಿಮ್ಮಡಿ ತುಸು ಎತ್ತರವಿರುವ ಶೂ ಹಾಕಿಸಿದರೆ ಮೊದಲ ವಾರಗಳ ನಡಿಗೆ ಹಗುರಾಗುತ್ತದೆ.