ಸಣ್ಣ ರಕ್ತಕಣ, ಎರಡು ಕಾರಣ

ವೈದ್ಯಕೀಯ ವಿದ್ಯಾರ್ಥಿಗಳು ಪರೀಕ್ಷೆಗೆ ಕೂರುವ ಮುನ್ನ ಉರು ಹೊಡೆಯುವ ಕೋಷ್ಟಕಗಳಲ್ಲಿ ಇದೂ ಒಂದು: ಎಡಕ್ಕೆ ಕಬ್ಬಿಣದ ಕೊರತೆಯ ರಕ್ತಹೀನತೆ, ಬಲಕ್ಕೆ ಬೀಟಾ ಥಲಸ್ಸೀಮಿಯಾ ಮೈನರ್. ಎರಡರಲ್ಲೂ ಹಿಮೋಗ್ಲೋಬಿನ್ ಕಡಿಮೆ ಇರಬಹುದು, ಕೆಂಪು ರಕ್ತಕಣಗಳು ಸಣ್ಣಗಿರುತ್ತವೆ.

ಬೇರ್ಪಡಿಸುವುದು ಹೇಗೆ? ಯುವತಿಯೊಬ್ಬಳ ಹಿಮೋಗ್ಲೋಬಿನ್ 10.5, ಕಣದ ಸರಾಸರಿ ಗಾತ್ರ 62, ಕಣಗಳ ಸಂಖ್ಯೆ 58 ಲಕ್ಷ ಎಂದುಕೊಳ್ಳಿ. ಗಾತ್ರವನ್ನು 5.8ರಿಂದ (ದಶಲಕ್ಷಗಳಲ್ಲಿ) ಭಾಗಿಸಿದರೆ ಸುಮಾರು 10.7. ಈ ಮೆಂಟ್ಜರ್ ಸೂಚ್ಯಂಕ 13ಕ್ಕಿಂತ ಕಡಿಮೆಯಾದರೆ ಥಲಸ್ಸೀಮಿಯಾದ ಅನುಮಾನ, ಹೆಚ್ಚಾದರೆ ಕಬ್ಬಿಣದ ಕೊರತೆಯ ಅನುಮಾನ. ಕಬ್ಬಿಣ ಸಾಲದಾಗ ಕಣಗಳ ಉತ್ಪಾದನೆಯೇ ಕುಗ್ಗುತ್ತದೆ. ಥಲಸ್ಸೀಮಿಯಾ ಮೈನರ್‌ನಲ್ಲಿ ಕಣಗಳು ಸಣ್ಣದಾದರೂ ಸಂಖ್ಯೆಗೆ ಬರವಿಲ್ಲ.

ಇದು ಸುಳಿವು ಮಾತ್ರ.

ಮುಂದಿನ ಸಾಲು ಪರೀಕ್ಷೆಗಳದ್ದು. ಫೆರಿಟಿನ್ ಕಡಿಮೆಯಿದ್ದರೆ ಕಬ್ಬಿಣದ ಕೊರತೆ ಖಚಿತ. ಫೆರಿಟಿನ್ ಸರಿಯಿದ್ದು, ಹಿಮೋಗ್ಲೋಬಿನ್ ಎ2 ಶೇ. 3.5ಕ್ಕಿಂತ ಹೆಚ್ಚಿದ್ದರೆ ಥಲಸ್ಸೀಮಿಯಾ ಮೈನರ್. ಆದರೆ ಎರಡೂ ಒಟ್ಟಿಗಿದ್ದಾಗ ಕಬ್ಬಿಣದ ಕೊರತೆ ಎ2 ಅಂಶವನ್ನು ತಗ್ಗಿಸಿ ದಾರಿ ತಪ್ಪಿಸಬಹುದು. ಆಗ ಕೊರತೆ ನೀಗಿಸಿ ಮತ್ತೆ ಪರೀಕ್ಷಿಸಬೇಕು.

ಚಿಕಿತ್ಸೆಯ ಸಾಲಿನಲ್ಲಿ ದಾರಿಗಳು ಕವಲೊಡೆಯುತ್ತವೆ. ಕೊರತೆಯಿದ್ದವರಿಗೆ ಕಬ್ಬಿಣದ ಮಾತ್ರೆ ಕೊಟ್ಟು, ರಕ್ತ ಎಲ್ಲಿ ನಷ್ಟವಾಗುತ್ತಿದೆ ಎಂದು ಹುಡುಕುತ್ತಾರೆ. ಥಲಸ್ಸೀಮಿಯಾ ಮೈನರ್‌ಗೆ ಆ ಮಾತ್ರೆಯಿಂದ ಲಾಭವಿಲ್ಲ. ಅವರ ಸಂಗಾತಿಯ ರಕ್ತಪರೀಕ್ಷೆ ಮುಖ್ಯ: ಇಬ್ಬರೂ ವಾಹಕರಾಗಿದ್ದರೆ ಪ್ರತಿ ಗರ್ಭಧಾರಣೆಯಲ್ಲೂ ಮಗುವಿಗೆ ತೀವ್ರ ಥಲಸ್ಸೀಮಿಯಾ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು.